ಗೋಲಿ 2 ಸೆಕೆಂಡಿನಲ್ಲಿ 80 ಸೆಂ.ಮೀ. ಉರುಳಿದೆ, ಆದರೆ ಆಗಿನ ವೇಗ 40 ಅಲ್ಲವಂತೆ. ಯಾಕೆ?

ಮೂಡಿಗೆರೆ ತೋಟದವ · ಶನಿವಾರ ರಾತ್ರಿ 8:40

ಮಗಳು ಫಸ್ಟ್ ಪಿಯು ಸೈನ್ಸ್. ಮನೆಯಲ್ಲೇ ಒಂದು ಪ್ರಯೋಗ ಮಾಡಿ ಗ್ರಾಫ್ ಬರೆದುಕೊಂಡು ಬನ್ನಿ ಎಂದು ಕಾಲೇಜಿನಲ್ಲಿ ಹೇಳಿದ್ದರು. ತೋಟದಲ್ಲಿ ಹಳೇ ಅಡಿಕೆ ದಬ್ಬೆ ಬಿದ್ದಿತ್ತು, ಎರಡೂವರೆ ಮೀಟರ್ ಉದ್ದ. ಒಳಗಡೆ ಚೆನ್ನಾಗಿ ಕೆತ್ತಿ ನೀರು ಹಾಯಿಸುತ್ತಿದ್ದದ್ದು. ಒಂದು ತುದಿಗೆ ಎರಡು ಇಟ್ಟಿಗೆ ಕೊಟ್ಟು 14 ಸೆಂ.ಮೀ. ಎತ್ತರಿಸಿದೆವು. ಗ್ಯಾರೇಜಿನಿಂದ ತಂದ ಬೇರಿಂಗ್ ಗೋಲಿಯನ್ನು ಮೇಲಿಂದ ಸುಮ್ಮನೆ ಬಿಟ್ಟೆವು, ನೂಕಲಿಲ್ಲ. ಪಕ್ಕದಲ್ಲಿ ಟೇಪ್ ಚಾಚಿ ಫೋನಿನಲ್ಲಿ ವಿಡಿಯೋ ತೆಗೆದು, ಅರ್ಧರ್ಧ ಸೆಕೆಂಡಿಗೆ ಗೋಲಿ ಎಲ್ಲಿದೆ ಎಂದು ಅವಳು ಬರೆದುಕೊಂಡಳು. ಸೆಂ.ಮೀ. ಲೆಕ್ಕದಲ್ಲಿ:

0 ಸೆಕೆಂಡ್: 0
0.5: 5
1.0: 19
1.5: 45
2.0: 80
2.5: 124
3.0: 181
3.5: 240

ಗ್ರಾಫ್ ಬರೆದರೆ ಗೆರೆ ಮೇಲಕ್ಕೆ ಬಾಗಿಕೊಂಡು ಹೋಗುತ್ತದೆ. ಅಲ್ಲಿವರೆಗೆ ಸರಿ. 2 ಸೆಕೆಂಡಿನ ಹೊತ್ತಿಗೆ ವೇಗ ಎಷ್ಟು ಎಂಬ ಪ್ರಶ್ನೆಗೆ ಇವಳು 80 ಭಾಗ 2, ಅಂದರೆ ಸೆಕೆಂಡಿಗೆ 40 ಸೆಂ.ಮೀ. ಎಂದು ಬರೆದಳು. ರೆಕಾರ್ಡ್ ಮೇಲೆ ಕೆಂಪು ಇಂಕಿನಲ್ಲಿ ಸುತ್ತು ಹಾಕಿ "ಸ್ಲೋಪ್ ತೆಗೆ" ಎಂದಷ್ಟೇ ಬರೆದು ವಾಪಸ್ ಕೊಟ್ಟಿದ್ದಾರೆ. ದೂರ ಭಾಗಿಸು ಸಮಯ ಅಂದರೆ ವೇಗ ಅಲ್ವಾ? ನಾನು ಓದಿದಾಗಲೂ ಅದೇ ಇತ್ತು. ಬಲ್ಲವರು ಹೇಳಿ.

ಬೇಲೂರು ಹುಡುಗ · ಶನಿವಾರ ರಾತ್ರಿ 9:05

ಅಣ್ಣ, ಸುಲಭ ಇದೆ. ಸ್ಲೋಪ್ ಅಂದರೆ ಟ್ಯಾನ್ ಥೀಟಾ. 2 ಸೆಕೆಂಡ್ ಇರುವ ಜಾಗದಲ್ಲಿ ಗೆರೆಗೆ ತಾಗುವಂತೆ ಒಂದು ಟ್ಯಾಂಜೆಂಟ್ ಎಳೆಯಿರಿ. ಕೋನಮಾಪಕ ಇಟ್ಟು ಕೋನ ಅಳೆಯಿರಿ. ಅದರ ಟ್ಯಾನ್ ತೆಗೆದರೆ ಅದೇ ವೇಗ. ನಾನು ಡಿಪ್ಲೊಮಾದಲ್ಲಿ ಹೀಗೇ ಕಲಿತದ್ದು.

ಘಾಟ್ ಸ್ಟೇರಿಂಗ್ · ಶನಿವಾರ ರಾತ್ರಿ 9:20

ನಾನು ಬಸ್ ಓಡಿಸುವವನು, ಹೆಚ್ಚು ಓದಿಲ್ಲ. ಆದರೆ ನನಗೆ ಅರ್ಥವಾದದ್ದು ಹೇಳುತ್ತೇನೆ. ಗೆರೆ ಬಾಗಿದೆ ಅಂದರೆ ದಾರಿ ಬಾಗಿದೆ ಎಂದರ್ಥ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ ತಿರುವಿನ ಮೇಲೆ ತಿರುವು ಇದೆಯಲ್ಲ, ಅಲ್ಲಿ ಗ್ರಾಫ್ ಬರೆದರೆ ಹಾವಿನ ಹಾಗೆ ಬರುತ್ತದೆ. ನಿಮ್ಮ ದಬ್ಬೆ ಎಲ್ಲೋ ಸೊಟ್ಟ ಇರಬೇಕು, ನೋಡಿ.

ಮೂಡಿಗೆರೆ ತೋಟದವ · ಶನಿವಾರ ರಾತ್ರಿ 9:48

ದಬ್ಬೆ ನೆಟ್ಟಗಿದೆ ಅಣ್ಣ, ದಾರ ಹಿಡಿದು ನೋಡಿದ್ದೇನೆ.

ಬೇಲೂರಿನವರು ಹೇಳಿದ ಹಾಗೆ ಮಾಡಿಸಿದೆ. ಕೋನ 63 ಡಿಗ್ರಿ ಬಂತು. ಟ್ಯಾನ್ ಹಾಕಿದರೆ 1.96. ಅಂದರೆ ವೇಗ ಸೆಕೆಂಡಿಗೆ 2 ಸೆಂ.ಮೀ.? ನನ್ನ ತೋಟದ ಬಸವನಹುಳ ಸ್ಪರ್ಧೆಗೆ ಬಂದೀತು.

ಹಳೇ ಮೇಷ್ಟ್ರು, ಹಾಸನ · ಶನಿವಾರ ರಾತ್ರಿ 10:30

ಒಂದೊಂದಾಗಿ ನೋಡೋಣ. ಮೊದಲು ಮಗುವಿನ 40.

ಅದು ತಪ್ಪು ಲೆಕ್ಕವಲ್ಲ, ಬೇರೆ ಪ್ರಶ್ನೆಯ ಉತ್ತರ. ಹೊರಟಾಗಿನಿಂದ 2 ಸೆಕೆಂಡಿನವರೆಗೆ ಗೋಲಿ ಸರಾಸರಿ ಎಷ್ಟು ವೇಗದಲ್ಲಿ ಬಂತು ಎಂದು ಕೇಳಿದ್ದರೆ 40 ಸರಿ. ಕೇಳಿದ್ದು 2ನೇ ಸೆಕೆಂಡಿನ ಆ ಗಳಿಗೆಯಲ್ಲಿ ಎಷ್ಟು ವೇಗ ಅಂತ. ಗೋಲಿ ನಿಂತಲ್ಲಿಂದ ಹೊರಟಿದೆ, ಮೊದಲ ಅರ್ಧ ಸೆಕೆಂಡಿನಲ್ಲಿ ಬರೀ 5 ಸೆಂ.ಮೀ. ತೆವಳಿದೆ. ಆ ತೆವಳಾಟವೂ ಸರಾಸರಿಯೊಳಗೆ ಸೇರಿಕೊಂಡು ಅದನ್ನು ಕೆಳಗೆ ಎಳೆಯುತ್ತದೆ. 2ನೇ ಸೆಕೆಂಡಿಗೆ ಅದು ಖಂಡಿತ ಸರಾಸರಿಗಿಂತ ಜೋರಾಗಿ ಓಡುತ್ತಿರಬೇಕು, ಅಲ್ವಾ?

ಹಾಗಾದರೆ 2 ಸೆಕೆಂಡಿನ ಆಚೀಚೆ ಮಾತ್ರ ನೋಡಿ. 1.5ರಿಂದ 2ರವರೆಗೆ ಅರ್ಧ ಸೆಕೆಂಡಿನಲ್ಲಿ 35 ಸೆಂ.ಮೀ., ಅಂದರೆ ಸೆಕೆಂಡಿಗೆ 70. 2ರಿಂದ 2.5ರವರೆಗೆ 44 ಸೆಂ.ಮೀ., ಸೆಕೆಂಡಿಗೆ 88. ನಮಗೆ ಬೇಕಾದದ್ದು ಇವೆರಡರ ನಡುವೆ ಎಲ್ಲೋ ಇದೆ. 1.5ರಿಂದ 2.5ರವರೆಗೆ ಒಟ್ಟಿಗೆ ತೆಗೆದುಕೊಂಡರೆ ಒಂದು ಸೆಕೆಂಡಿನಲ್ಲಿ 124 ಕಳೆ 45, ಅಂದರೆ 79. ಇನ್ನೂ ಅಗಲಿಸಿ 1ರಿಂದ 3ರವರೆಗೆ ನೋಡಿದರೆ ಎರಡು ಸೆಕೆಂಡಿನಲ್ಲಿ 162, ಅಂದರೆ 81. ಹಾಗಾಗಿ 2ನೇ ಸೆಕೆಂಡಿನಲ್ಲಿ ವೇಗ ಸುಮಾರು 80.

40ರ ಸರಿಯಾಗಿ ಎರಡರಷ್ಟು. ಇದು ಆಕಸ್ಮಿಕವಲ್ಲ. ನಿಂತಲ್ಲಿಂದ ಹೊರಟು ಒಂದೇ ಸಮನೆ ವೇಗ ಏರಿಸಿಕೊಳ್ಳುವ ವಸ್ತುವಿಗೆ ಯಾವಾಗಲೂ ಹೀಗೇ. ಅದರ ಕೊನೆಯ ವೇಗ ಸರಾಸರಿಯ ಎರಡರಷ್ಟು ಇರುತ್ತದೆ.

ಆಚೀಚೆ ಸಮ ದೂರದ ಎರಡು ಬಿಂದು ಹಿಡಿಯುವ ಈ ಉಪಾಯಕ್ಕೂ ಒಂದು ಮಿತಿ ಇದೆ. ವೇಗ ಒಂದೇ ಸಮನೆ ಏರುತ್ತಿದ್ದರೆ ಮಾತ್ರ ಎಷ್ಟು ಅಗಲ ಹಿಡಿದರೂ ಉತ್ತರ ಕೆಡುವುದಿಲ್ಲ. ಬಸ್ಸು ಹೊರಡುವಾಗಿನ ಗ್ರಾಫಿಗೆ ಹಾಗೆ ಮಾಡಿದರೆ ಮೋಸ ಹೋಗುತ್ತೀರಿ. ಗೇರ್ ಬದಲಾದ ಹಾಗೆ ಬಾಗೂ ಬದಲಾಗುತ್ತದೆ.

ಹಳೇ ಮೇಷ್ಟ್ರು, ಹಾಸನ · ಶನಿವಾರ ರಾತ್ರಿ 10:41

ಕೋನಮಾಪಕದ ವಿಷಯ ಬಿಟ್ಟುಹೋಯಿತು. ಮಗು ಗ್ರಾಫಿಗೆ ಯಾವ ಸ್ಕೇಲ್ ಹಿಡಿದಿದ್ದಾಳೆ?

ಮೂಡಿಗೆರೆ ತೋಟದವ · ಶನಿವಾರ ರಾತ್ರಿ 10:50

ಅಡ್ಡಕ್ಕೆ 1 ಸೆಕೆಂಡಿಗೆ ಹಾಳೆ ಮೇಲೆ 2 ಸೆಂ.ಮೀ. ಉದ್ದಕ್ಕೆ ಹಾಳೆಯ 1 ಸೆಂ.ಮೀ. ಅಂದರೆ ಗೋಲಿಯ 20 ಸೆಂ.ಮೀ.

ಹಳೇ ಮೇಷ್ಟ್ರು, ಹಾಸನ · ಶನಿವಾರ ರಾತ್ರಿ 11:02

ಹಾಗಿದ್ದರೆ 63 ಡಿಗ್ರಿ ಬಂದದ್ದು ಸರಿಯಾಗಿಯೇ ಇದೆ, ಮಗು ಟ್ಯಾಂಜೆಂಟ್ ಚೆನ್ನಾಗಿ ಎಳೆದಿದ್ದಾಳೆ. ಆದರೆ ಆ ಕೋನ ಹಾಳೆಯದು, ಗೋಲಿಯದಲ್ಲ. ಅಡ್ಡಕ್ಕೆ 1 ಸೆಕೆಂಡಿಗೆ 4 ಸೆಂ.ಮೀ. ಹಿಡಿದಿದ್ದರೆ ಅದೇ ಗೋಲಿಗೆ ಕೋನ 45 ಬರುತ್ತಿತ್ತು. ಗೋಲಿಯ ವೇಗ ನಮ್ಮ ಸ್ಕೇಲ್ ಕೇಳಿಕೊಂಡು ಓಡುವುದಿಲ್ಲ.

ಟ್ಯಾಂಜೆಂಟ್ ಮೇಲೆ ದೂರ ದೂರದ ಎರಡು ಬಿಂದು ಗುರುತಿಸಿ, ಪ್ರತಿ ಬಿಂದುವಿನ ಸಮಯ ಮತ್ತು ಸ್ಥಾನವನ್ನು ಅಕ್ಷದ ಮೇಲಿನ ಅಂಕಿಗಳಿಂದಲೇ ಓದಬೇಕು. ಆಮೇಲೆ ಸ್ಥಾನದ ವ್ಯತ್ಯಾಸವನ್ನು ಸಮಯದ ವ್ಯತ್ಯಾಸದಿಂದ ಭಾಗಿಸಬೇಕು. ಅವಳ ಟ್ಯಾಂಜೆಂಟನ್ನು ಕೆಳಕ್ಕೆ ಬೆಳೆಸಿದರೆ ಅದು ಸಮಯದ ಅಕ್ಷವನ್ನು 1 ಸೆಕೆಂಡಿನ ಹತ್ತಿರ ಕತ್ತರಿಸಬೇಕು. ಅಲ್ಲಿಂದ 2 ಸೆಕೆಂಡಿಗೆ ಬರುವಷ್ಟರಲ್ಲಿ 80 ಏರಿದೆ. ಮತ್ತೆ 80. ಸಮಯದ ಅಕ್ಷವನ್ನು ಅರ್ಧದಲ್ಲೇ ಕತ್ತರಿಸುತ್ತದೆಯೇ ಎಂದು ನೋಡುವುದು ಟ್ಯಾಂಜೆಂಟ್ ಸರಿ ಇದೆಯಾ ಎಂದು ಪರೀಕ್ಷಿಸಲು ಒಳ್ಳೇ ದಾರಿ. ನಿಂತಲ್ಲಿಂದ ಒಂದೇ ಸಮನೆ ಹೊರಟ ಗೋಲಿಗೆ ಮಾತ್ರ.

ಬೇಲೂರು ಹುಡುಗ · ಶನಿವಾರ ರಾತ್ರಿ 11:10

ಓ, ಗಣಿತದ ಕ್ಲಾಸಿನಲ್ಲಿ ಎರಡೂ ಅಕ್ಷಕ್ಕೆ ಒಂದೇ ಸ್ಕೇಲ್ ಇರುತ್ತಿತ್ತು. ಅದಕ್ಕೇ ಕೋನ ಸರಿ ಬರುತ್ತಿತ್ತು. ಒಪ್ಪಿದೆ ಸಾರ್.

ಲ್ಯಾಬ್ ಅಕ್ಕ · ಭಾನುವಾರ ಬೆಳಿಗ್ಗೆ 7:15

ಟ್ಯಾಂಜೆಂಟ್ ಎಳೆಯುವುದು ಹುಡುಗರಿಗೆ ಕಷ್ಟ. ಕಣ್ಣಂದಾಜಿನಲ್ಲಿ ಎಳೆದರೆ ಹತ್ತು ಮಕ್ಕಳಿಗೆ ಹತ್ತು ಉತ್ತರ. ನಮ್ಮ ಲ್ಯಾಬಿನಲ್ಲಿ ನಾನು ಒಂದು ಸಣ್ಣ ಕನ್ನಡಿ ಇಟ್ಟುಕೊಂಡಿದ್ದೇನೆ, ಅಂಚಿಗೆ ಚೌಕಟ್ಟು ಇಲ್ಲದ್ದು. ವೇಗ ಬೇಕಾದ ಬಿಂದುವಿನ ಮೇಲೆ ಕನ್ನಡಿಯನ್ನು ಗೆರೆಗೆ ಅಡ್ಡಲಾಗಿ ನಿಲ್ಲಿಸಬೇಕು. ಕನ್ನಡಿಯೊಳಗೆ ಗೆರೆಯ ಬಿಂಬ ಕಾಣುತ್ತದೆ. ಕನ್ನಡಿ ಸೊಟ್ಟ ಇದ್ದರೆ ಗೆರೆ ಮತ್ತು ಬಿಂಬ ಸೇರುವ ಕಡೆ ಮೊಣಕೈ ಮುರಿದ ಹಾಗೆ ಕಾಣುತ್ತದೆ. ಮೆಲ್ಲಗೆ ತಿರುಗಿಸುತ್ತಾ ಹೋದರೆ ಒಂದು ಕಡೆ ಆ ಮುರಿತ ಮಾಯವಾಗಿ, ಗೆರೆ ಕನ್ನಡಿಯೊಳಗೆ ನುಣ್ಣಗೆ ಹರಿದ ಹಾಗೆ ಕಾಣುತ್ತದೆ. ಅಲ್ಲೇ ನಿಲ್ಲಿಸಿ ಕನ್ನಡಿಯ ಬುಡಕ್ಕೆ ಪೆನ್ಸಿಲ್ ಗೆರೆ ಹಾಕಿ. ಆ ಗೆರೆಗೆ ಲಂಬವಾಗಿ ಎಳೆದದ್ದು ಟ್ಯಾಂಜೆಂಟ್. ಮುಖ ನೋಡಿಕೊಳ್ಳುವ ಪುಟ್ಟ ಕನ್ನಡಿಯಾದರೂ ಸಾಕು.

ಬಿಂದುಗಳನ್ನು ಸೇರಿಸುವಾಗ ಸ್ಕೇಲಿನಿಂದ ತುಂಡು ತುಂಡು ಗೆರೆ ಹಾಕಬೇಡಿ ಎಂದು ಮಗಳಿಗೆ ಹೇಳಿ. ಹಾಗೆ ಮಾಡಿದರೆ ಪ್ರತಿ ಬಿಂದುವಿನಲ್ಲೂ ಒಂದು ಮೂಲೆ ಬರುತ್ತದೆ. ಮೂಲೆ ಅಂದರೆ ಗೋಲಿಯ ವೇಗ ಆ ಕ್ಷಣದಲ್ಲಿ ಏಕ್‌ದಂ ಬದಲಾಯಿತು ಎಂದಾಗುತ್ತದೆ. ದಬ್ಬೆಯಲ್ಲಿ ಅದಕ್ಕೆ ಯಾರೂ ಕೋಲಲ್ಲಿ ಹೊಡೆದಿಲ್ಲವಲ್ಲ.

ಘಾಟ್ ಸ್ಟೇರಿಂಗ್ · ಭಾನುವಾರ ಬೆಳಿಗ್ಗೆ 9:30

ನನ್ನ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ.

ಹಳೇ ಮೇಷ್ಟ್ರು, ಹಾಸನ · ಭಾನುವಾರ ಬೆಳಿಗ್ಗೆ 10:12

ಕ್ಷಮಿಸಿ ಸ್ವಾಮಿ. ನಿಮ್ಮ ಹಾಗೆ ಅಂದುಕೊಳ್ಳುವ ಹುಡುಗರು ನನ್ನ ತರಗತಿಯಲ್ಲಿ ಪ್ರತಿ ವರ್ಷ ಇರುತ್ತಿದ್ದರು, ಹಾಗಾಗಿ ಇದು ಕೇಳಬೇಕಾದ ಪ್ರಶ್ನೆಯೇ.

ಈ ಗ್ರಾಫ್ ದಾರಿಯ ನಕಾಶೆ ಅಲ್ಲ. ಅಡ್ಡಕ್ಕೆ ಇರುವುದು ಗಡಿಯಾರ. ನಿಮ್ಮ ಬಸ್ಸಿನ ಮೀಟರಿನಲ್ಲಿ ಓಡಿದ ಕಿಲೋಮೀಟರ್ ಎಷ್ಟು ಎಂದು ನಿಮಿಷಕ್ಕೊಮ್ಮೆ ಬರೆದಿಟ್ಟರೆ ಇಂಥ ಗ್ರಾಫ್ ಬರುತ್ತದೆ. ಚಾರ್ಮಾಡಿಯ ತಿರುವುಗಳಲ್ಲಿ ನೀವು ಮುಳ್ಳು ಅಲುಗದ ಹಾಗೆ ಗಂಟೆಗೆ 20ರಲ್ಲೇ ಇಳಿದರೆ ಗೆರೆ ನೆಟ್ಟಗೆ ಬರುತ್ತದೆ, ದಾರಿ ಎಷ್ಟೇ ಸೊಟ್ಟ ಇರಲಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನಲು ನಿಲ್ಲಿಸಿದರೆ ಗೆರೆ ಅಡ್ಡಕ್ಕೆ ಮಲಗುತ್ತದೆ, ಏಕೆಂದರೆ ಗಡಿಯಾರ ಓಡುತ್ತಿದೆ, ಕಿಲೋಮೀಟರ್ ಏರುತ್ತಿಲ್ಲ. ಬಾಣಕಲ್ ಕಡೆಯ ನೆಟ್ಟಗಿನ ರಸ್ತೆಯಲ್ಲಿ ಬ್ರೇಕ್ ಒತ್ತಿದರೆ ಗೆರೆ ಬಾಗುತ್ತದೆ.

ಘಾಟ್ ಸ್ಟೇರಿಂಗ್ · ಭಾನುವಾರ ಬೆಳಿಗ್ಗೆ 10:40

ಅದೇನೋ ಸರಿ. ಆದರೆ ತಿರುವಿನಲ್ಲಿ 20ರಲ್ಲೇ ಹೋದರೂ ಸೀಟಿನಲ್ಲಿದ್ದವರು ಒಂದು ಕಡೆಗೆ ವಾಲುತ್ತಾರೆ. ನಿಂತವರು ಕಂಬಿ ಹಿಡಿಯದಿದ್ದರೆ ಬೀಳುತ್ತಾರೆ. ನೆಟ್ಟಗಿನ ರಸ್ತೆಯಲ್ಲಿ 20ರಲ್ಲಿ ಹೋದರೆ ಯಾರೂ ವಾಲುವುದಿಲ್ಲ. ಏನೋ ಬದಲಾಗಿದೆ ತಾನೆ? ನಿಮ್ಮ ಗೆರೆ ನೆಟ್ಟಗೇ ಇದ್ದರೆ ಅದು ಎಲ್ಲಿ ಕಾಣುತ್ತದೆ?

ಹಳೇ ಮೇಷ್ಟ್ರು, ಹಾಸನ · ಭಾನುವಾರ ಬೆಳಿಗ್ಗೆ 11:05

ಎಲ್ಲೂ ಕಾಣುವುದಿಲ್ಲ. ನೀವು ಹಿಡಿದಿರುವುದು ದೊಡ್ಡ ಮಾತು. ತಿರುವಿನಲ್ಲಿ ವೇಗದ ದಿಕ್ಕು ಬದಲಾಗುತ್ತದೆ, ಅದೂ ವೇಗೋತ್ಕರ್ಷವೇ. ಜನ ವಾಲುವುದು ಅದಕ್ಕೇ. ಆದರೆ ನಾವು ಬರೆದಿಟ್ಟದ್ದು ಮೀಟರಿನ ಕಿಲೋಮೀಟರ್ ಮಾತ್ರ. ಬಸ್ಸಿನ ಮೂತಿ ಎತ್ತ ಇದೆ ಎಂದು ಬರೆದಿಲ್ಲ. ಬರೆಯದೇ ಇದ್ದದ್ದನ್ನು ಗ್ರಾಫ್ ತೋರಿಸಲಾರದು. ದಬ್ಬೆಯಂಥ ನೆಟ್ಟಗಿನ ದಾರಿಯಲ್ಲಿ ಮಾತ್ರ ಗೆರೆಯ ಬಾಗು ಪೂರ್ತಿ ಕಥೆ ಹೇಳುತ್ತದೆ. ನಿನ್ನೆಯಿಂದ ನಾನು ಇದನ್ನು ಹೇಳಬೇಕಿತ್ತು, ನೀವು ಹೇಳಿಸಿದಿರಿ.

ಮೂಡಿಗೆರೆ ತೋಟದವ · ಭಾನುವಾರ ಮಧ್ಯಾಹ್ನ 2:20

ಇದನ್ನು ಮಗಳೇ ಬರೆಯುತ್ತಿದ್ದಾಳೆ, ಅಪ್ಪನ ಅಕೌಂಟಿನಲ್ಲಿ.

ನಮಸ್ತೆ ಸರ್. ಕನ್ನಡಿ ಇಟ್ಟು ನೋಡಿದೆ ಅಕ್ಕ, 82 ಬಂತು. ಈಗ ವೇಗೋತ್ಕರ್ಷ ಕಂಡುಹಿಡಿಯಬೇಕು. ಗೆರೆ ಎಲ್ಲ ಕಡೆ ಒಂದೇ ಥರ ಬಾಗಿದೆಯಾ ಅಂತ ಕಣ್ಣಿಗೆ ಗೊತ್ತಾಗಲ್ಲ. ಅದಕ್ಕೆ ಪ್ರತಿ ಅರ್ಧ ಸೆಕೆಂಡಿಗೆ ಎಷ್ಟು ದೂರ ಹೋಯಿತು ಅಂತ ತೆಗೆದೆ: 5, 14, 26, 35, 44, 57, 59. ಆಮೇಲೆ ಅವುಗಳ ನಡುವಿನ ವ್ಯತ್ಯಾಸ: 9, 12, 9, 9, 13, 2. ಒಂದೇ ಸಮನೆ ವೇಗ ಏರುತ್ತಿದ್ದರೆ ಇದೆಲ್ಲ ಒಂದೇ ಅಂಕಿ ಇರಬೇಕಲ್ವಾ? ನನ್ನದು ಕುಣೀತಾ ಇದೆ. ಕೊನೆಯದಂತೂ 2. ಗೋಲಿ ಕೊನೆಯಲ್ಲಿ ವೇಗ ಏರಿಸೋದನ್ನ ನಿಲ್ಲಿಸಿಬಿಡ್ತಾ?

ಹಳೇ ಮೇಷ್ಟ್ರು, ಹಾಸನ · ಭಾನುವಾರ ಮಧ್ಯಾಹ್ನ 3:10

ಪುಟ್ಟಿ, ಒಳ್ಳೇ ಕೆಲಸ ಮಾಡಿದ್ದೀಯ. ಮೊದಲ ಸಾಲು ನೋಡು. 5, 15, 25, 35, 45, 55ರ ಹತ್ತಿರ ಹತ್ತಿರ ಇದೆ. ಅಂದರೆ 1, 3, 5, 7, 9, 11ರ ಲೆಕ್ಕ. ಗೆಲಿಲಿಯೋ 1638ರಲ್ಲಿ ಅಚ್ಚಾದ ಪುಸ್ತಕದಲ್ಲಿ ಹೇಳಿದ್ದು ಇದೇ ಬೆಸ ಸಂಖ್ಯೆಗಳ ಸಾಲು. ಅವನೂ ಮರದ ತೊಲೆಯಲ್ಲಿ ಕಾಲುವೆ ಕೆತ್ತಿ ಕಂಚಿನ ಗುಂಡು ಉರುಳಿಸಿದ. ಫೋನ್ ಇರಲಿಲ್ಲ, ಪಾತ್ರೆಯಿಂದ ಸುರಿದ ನೀರನ್ನು ತೂಕ ಮಾಡಿ ಸಮಯ ಲೆಕ್ಕ ಹಾಕಿದ.

ಇನ್ನು ಕುಣಿತ. ನೀನು ಟೇಪ್ ಓದುವಾಗ ಒಂದು ಬಿಂದುವಿನಲ್ಲಿ 1 ಸೆಂ.ಮೀ. ತಪ್ಪಿದೆ ಎಂದುಕೋ. ಎರಡನೇ ವ್ಯತ್ಯಾಸದಲ್ಲಿ ಆ ಬಿಂದು ಎರಡು ಸಲ ಲೆಕ್ಕಕ್ಕೆ ಬರುವುದರಿಂದ ಅಲ್ಲಿ 2 ತಪ್ಪುತ್ತದೆ. ಇರಬೇಕಾದದ್ದೇ 10. ಅದರಲ್ಲಿ 2 ಅಂದರೆ ಐದರಲ್ಲಿ ಒಂದು ಪಾಲು ಹಾಳು. ಗ್ರಾಫ್ ನೋಡಿದರೆ 1 ಸೆಂ.ಮೀ. ತಪ್ಪು ಪೆನ್ಸಿಲ್ ಮೊನೆಯಷ್ಟೇ. ಸ್ಥಾನ ಚೆನ್ನಾಗಿ ಕಾಣುತ್ತದೆ, ವೇಗ ಸುಮಾರಾಗಿ ಕಾಣುತ್ತದೆ, ವೇಗೋತ್ಕರ್ಷಕ್ಕೆ ಬರುವಷ್ಟರಲ್ಲಿ ಗದ್ದಲ.

ಅದಕ್ಕೆ ಬಾಗನ್ನು ಅಳೆಯಲು ಹೋಗಬೇಡ, ಬಾಗನ್ನು ನೆಟ್ಟಗೆ ಮಾಡು. ಅಡ್ಡಕ್ಕೆ ಸಮಯದ ಬದಲು ಸಮಯದ ವರ್ಗ ಹಾಕು: 0.25, 1, 2.25, 4, 6.25, 9, 12.25. ಉದ್ದಕ್ಕೆ ಅದೇ ಸ್ಥಾನಗಳು. ಗೋಲಿ ಒಂದೇ ಸಮನೆ ವೇಗ ಏರಿಸುತ್ತಿದ್ದರೆ ಬಿಂದುಗಳು ನೆಟ್ಟಗಿನ ಗೆರೆಯ ಮೇಲೆ ಕೂರುತ್ತವೆ. ಗೆರೆ ನೆಟ್ಟಗಿದೆಯೋ ಇಲ್ಲವೋ ಎಂದು ಕಣ್ಣು ಚೆನ್ನಾಗಿ ಹೇಳುತ್ತದೆ. ಆ ಗೆರೆಯ ಸ್ಲೋಪಿನ ಎರಡರಷ್ಟು ವೇಗೋತ್ಕರ್ಷ.

ಮೂಡಿಗೆರೆ ತೋಟದವ · ಭಾನುವಾರ ಸಂಜೆ 4:45

ಮಗಳು: ಸರ್ ಸೂಪರ್. ಎಲ್ಲ ಬಿಂದು ನೆಟ್ಟಗೆ ಕೂತವು, ಸ್ಲೋಪ್ 20. ವೇಗೋತ್ಕರ್ಷ 40. ಕೊನೇದು ಮಾತ್ರ ಕೆಳಗಿದೆ. ಗೆರೆ ಪ್ರಕಾರ 245 ಇರಬೇಕು, ನನ್ನದು 240.

ಬೇಲೂರು ಹುಡುಗ · ಭಾನುವಾರ ಸಂಜೆ 5:20

ನಾನೂ ಲೆಕ್ಕ ಹಾಕಿದೆ. 250 ಸೆಂ.ಮೀ. ಉದ್ದಕ್ಕೆ 14 ಸೆಂ.ಮೀ. ಎತ್ತರ. ಗುರುತ್ವ ಸೆಕೆಂಡಿಗೆ ಸೆಕೆಂಡಿಗೆ 980. ಗುಣಿಸಿದರೆ 55 ಬರಬೇಕು. ಬಂದದ್ದು 40. ಮಿಕ್ಕ 15 ಘರ್ಷಣೆ ತಿಂದಿದೆ. ದಬ್ಬೆ ಒರಟು ಇರುತ್ತದಲ್ಲ, ಎಣ್ಣೆ ಸವರಿ ನೋಡಿ.

ಲ್ಯಾಬ್ ಅಕ್ಕ · ಭಾನುವಾರ ಸಂಜೆ 5:50

ದಯವಿಟ್ಟು ಎಣ್ಣೆ ಸವರಬೇಡಿ. ಗೋಲಿ ಜಾರಿದರೆ ಎಲ್ಲ ಕೆಡುತ್ತದೆ.

ಕೊನೆಯ ಬಿಂದುವಿನ ಬಗ್ಗೆ: ಫೋನಿನ ವಿಡಿಯೋ ಸೆಕೆಂಡಿಗೆ 30 ಚಿತ್ರ ತಾನೆ? ಹಾಗಾದರೆ 3.5 ಸೆಕೆಂಡ್ ಅಂದರೆ 105ನೇ ಚಿತ್ರ. ಆ ಹೊತ್ತಿಗೆ ಗೋಲಿ ಸೆಕೆಂಡಿಗೆ 140 ಸೆಂ.ಮೀ. ಓಡುತ್ತಿದೆ. ಒಂದು ಚಿತ್ರದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ 4.7 ಸೆಂ.ಮೀ. ದಾಟಿರುತ್ತದೆ. ಮಗು 105ರ ಬದಲು 104 ಎಣಿಸಿದ್ದರೆ 240 ಸರಿಯಾಗಿ ಬರುತ್ತದೆ. ಅದೇ ಅರ್ಧ ಸೆಕೆಂಡಿನ ಬಿಂದುವಿನಲ್ಲಿ ಒಂದು ಚಿತ್ರ ತಪ್ಪಿದ್ದರೆ ಮುಕ್ಕಾಲು ಸೆಂ.ಮೀ. ಸಹ ವ್ಯತ್ಯಾಸ ಆಗುತ್ತಿರಲಿಲ್ಲ, ಗೊತ್ತೇ ಆಗುತ್ತಿರಲಿಲ್ಲ. ಗೆರೆ ಕಡಿದಾದ ಕಡೆ ಸಮಯದ ಸಣ್ಣ ತಪ್ಪು ದೊಡ್ಡದಾಗಿ ಕಾಣುತ್ತದೆ.

ಹಳೇ ಮೇಷ್ಟ್ರು, ಹಾಸನ · ಭಾನುವಾರ ಸಂಜೆ 6:30

ಅಕ್ಕ ಹೇಳಿದ್ದು ಬಹಳ ಸಾಧ್ಯ. ಆದರೆ ದಬ್ಬೆಯ ತುದಿ ಸ್ವಲ್ಪ ಮೇಲಕ್ಕೆ ಬಾಗಿದ್ದರೂ ಇದೇ ಥರ ಕಾಣುತ್ತದೆ. ಈ ಒಂದು ಬಿಂದು ಇಟ್ಟುಕೊಂಡು ಯಾವುದೆಂದು ಹೇಳಲಾಗದು.

ಪುಟ್ಟಿಯ ಪ್ರಶ್ನೆಗೂ ಉತ್ತರ ಬಾಕಿ ಇದೆ. ಆ 2 ನಿಜವೇ ಆಗಿದ್ದರೆ ಗ್ರಾಫ್ ಕೊನೆಯಲ್ಲಿ ಬಾಗುವುದನ್ನು ಬಿಟ್ಟು ಹೆಚ್ಚುಕಡಿಮೆ ನೆಟ್ಟಗಾಗುತ್ತಿತ್ತು. ನೆಟ್ಟಗಾದ ಗೆರೆ ಅಂದರೆ ಗೋಲಿ ನಿಂತಿತು ಎಂದಲ್ಲ. ಇದ್ದ ವೇಗದಲ್ಲೇ ಓಡಿತು, ಹೊಸದಾಗಿ ಏರಿಸಿಕೊಳ್ಳಲಿಲ್ಲ ಎಂದು.

ಬೇಲೂರಿನವರೇ, 55 ಸರಿಯಾಗಿ ಲೆಕ್ಕ ಹಾಕಿದ್ದೀರಿ. ಆದರೆ ಅದು ಉರುಳದೆ ಜಾರುವ ವಸ್ತುವಿಗೆ, ಅದೂ ಘರ್ಷಣೆಯೇ ಇಲ್ಲದಿದ್ದರೆ. ಗೋಲಿ ಮುಂದೆ ಹೋಗುವುದರ ಜೊತೆಗೆ ತಾನೂ ಸುತ್ತಬೇಕು. ಸುತ್ತುವುದಕ್ಕೂ ಒಂದು ಪಾಲು ಹೋಗುತ್ತದೆ. ಗಟ್ಟಿ ಗುಂಡು ಜಾರದೆ ಉರುಳಿದರೆ ಏಳರಲ್ಲಿ ಐದು ಪಾಲು ಮಾತ್ರ ಮುಂದಕ್ಕೆ ಸಿಗುತ್ತದೆ. 55ರ ಏಳರಲ್ಲಿ ಐದು ಪಾಲು 39. ಮಗುವಿನದು 40.

ಬೇಲೂರು ಹುಡುಗ · ಭಾನುವಾರ ಸಂಜೆ 6:52

ಅಂಕಿ ಹೊಂದಿದ ಮಾತ್ರಕ್ಕೆ ಒಪ್ಪಬೇಕಾ ಸಾರ್? ಘರ್ಷಣೆಯೂ 15 ತಿನ್ನಬಹುದಲ್ಲ.

ಹಳೇ ಮೇಷ್ಟ್ರು, ಹಾಸನ · ಭಾನುವಾರ ಸಂಜೆ 7:05

ಸರಿಯಾದ ಆಕ್ಷೇಪ. ಪರೀಕ್ಷೆ ಮಾಡಬಹುದು. ಪುಟ್ಟಿ, ನಾಳೆ ಗೋಲಿಯನ್ನು ಕೆಳಗಿಂದ ಮೇಲಕ್ಕೆ ನೂಕು. ಅರ್ಧ ದಾರಿ ಹತ್ತಿ ವಾಪಸ್ ಬರಲಿ. ಕೆಳಗಿನ ತುದಿಯಿಂದ ದೂರ ಬರೆದುಕೋ. ತಿನ್ನುವುದು ಘರ್ಷಣೆಯಾದರೆ ಹತ್ತುವಾಗ ಅದು ಇಳಿಜಾರಿನ ಜೊತೆ ಸೇರಿ ತಡೆಯುತ್ತದೆ, ಇಳಿಯುವಾಗ ಇಳಿಜಾರಿಗೆ ಎದುರಾಗಿ ತಡೆಯುತ್ತದೆ. ಹತ್ತುವ ಕಡೆ ಬಾಗು ಜಾಸ್ತಿ, ಇಳಿಯುವ ಕಡೆ ಕಡಿಮೆ ಬರಬೇಕು. ಸುತ್ತುವುದಕ್ಕೆ ಹೋಗುವ ಪಾಲಾದರೆ ಎರಡೂ ಕಡೆ ಒಂದೇ.

ಮೂಡಿಗೆರೆ ತೋಟದವ · ಸೋಮವಾರ ಸಂಜೆ 6:15

ಮಗಳು: ಮಾಡಿದೆ ಸರ್. ಸೆಕೆಂಡಿಗೊಮ್ಮೆ ಬರೆದಿದ್ದೇನೆ. 0, 101, 160, 179, 159, 99. ಗ್ರಾಫ್ ಗುಡ್ಡದ ಥರ ಬಂತು, ನಮ್ಮ ಮನೆ ಹಿಂದಿನ ಗುಡ್ಡದ ಥರಾನೇ.

ನಾನು ಹೀಗೆ ಬರೆದೆ: ಹತ್ತುವಾಗ ವೇಗೋತ್ಕರ್ಷ ಮೈನಸ್, ತುದಿಯಲ್ಲಿ ಸೊನ್ನೆ, ಇಳಿಯುವಾಗ ಪ್ಲಸ್. ಸರಿನಾ?

ಬೇಲೂರು ಹುಡುಗ · ಸೋಮವಾರ ಸಂಜೆ 6:30

ಸರಿ ಇದೆ ಪುಟ್ಟಿ. ಗೆರೆ ಕೆಳಕ್ಕೆ ಬಾಗಿದರೆ ನಿಧಾನವಾಗುತ್ತಿದೆ, ಮೇಲಕ್ಕೆ ಬಾಗಿದರೆ ಜೋರಾಗುತ್ತಿದೆ. ತುದಿಯಲ್ಲಿ ನಿಂತಿದೆ, ಹಾಗಾಗಿ ಸೊನ್ನೆ.

ಹಳೇ ಮೇಷ್ಟ್ರು, ಹಾಸನ · ಸೋಮವಾರ ಸಂಜೆ 7:40

ಇಲ್ಲ, ಇಲ್ಲಿ ಇಬ್ಬರೂ ಜಾರಿದಿರಿ. ಅಂಕಿ ಹಾಕಿ ನೋಡೋಣ.

ಪ್ರತಿ ಸೆಕೆಂಡಿನ ವೇಗ: 101, 59, 19, ಆಮೇಲೆ ಮೈನಸ್ 20, ಮೈನಸ್ 60. ಮೈನಸ್ ಅಂದರೆ ಕೆಳಗಿನ ತುದಿಯ ಕಡೆಗೆ ಬರುತ್ತಿದೆ ಎಂದಷ್ಟೇ. ಈಗ ಈ ವೇಗ ಹೇಗೆ ಬದಲಾಯಿತು ನೋಡಿ. 101ರಿಂದ 59ಕ್ಕೆ ಬಂತು, 42 ಇಳಿಯಿತು. 59ರಿಂದ 19ಕ್ಕೆ, 40 ಇಳಿಯಿತು. 19ರಿಂದ ಮೈನಸ್ 20ಕ್ಕೆ, 39 ಇಳಿಯಿತು. ಮೈನಸ್ 20ರಿಂದ ಮೈನಸ್ 60ಕ್ಕೆ, ಮತ್ತೆ 40 ಇಳಿಯಿತು. ಹತ್ತುವಾಗಲೂ ಮೈನಸ್ 40, ತುದಿಯಲ್ಲೂ ಮೈನಸ್ 40, ಇಳಿಯುವಾಗಲೂ ಮೈನಸ್ 40.

ಗುಡ್ಡದ ಗೆರೆ ಎಡದಿಂದ ಬಲದವರೆಗೆ ಒಂದೇ ಕಡೆ ಬಾಗಿದೆ, ಬೋರಲು ಹಾಕಿದ ಬಾಣಲೆಯ ಹಾಗೆ. ಎಲ್ಲೂ ಅದು ಬಾಗು ಬದಲಾಯಿಸಿಲ್ಲ. ಬಾಗು ಹೇಳುವುದು ವೇಗೋತ್ಕರ್ಷದ ಚಿಹ್ನೆಯನ್ನು, ಗೋಲಿ ನಿಧಾನವಾಯಿತೋ ಜೋರಾಯಿತೋ ಎಂಬುದನ್ನಲ್ಲ. ಅದನ್ನು ತಿಳಿಯಲು ಸ್ಲೋಪನ್ನೂ ನೋಡಬೇಕು. ಸ್ಲೋಪ್ ಪ್ಲಸ್, ಬಾಗು ಮೈನಸ್ ಇದ್ದರೆ ನಿಧಾನ. ಎರಡೂ ಮೈನಸ್ ಇದ್ದರೆ ಜೋರು. ಗೋಲಿ ಇಳಿಯುವಾಗ ಆಗಿದ್ದು ಅದೇ.

ತುದಿಯಲ್ಲಿ ಸೊನ್ನೆಯಾಗಿದ್ದು ಸ್ಲೋಪ್, ಬಾಗಲ್ಲ. ಅಲ್ಲಿ ವೇಗೋತ್ಕರ್ಷವೂ ಸೊನ್ನೆಯಾಗಿ ಹಾಗೇ ಉಳಿದಿದ್ದರೆ ಗೋಲಿ 180ರ ಹತ್ತಿರ ಅಂಟಿಕೊಂಡು ನಿಂತುಬಿಡುತ್ತಿತ್ತು, ಗೆರೆ ಅಲ್ಲಿಂದ ಅಡ್ಡಕ್ಕೆ ಮಲಗಿಬಿಡುತ್ತಿತ್ತು. ವಾಪಸ್ ಬಂತಲ್ಲ!

ಬೇಲೂರಿನವರೇ, ನಿಮ್ಮ ಘರ್ಷಣೆಯ ಮಾತಿಗೂ ಇಲ್ಲೇ ಉತ್ತರವಿದೆ. 15 ತಿಂದಿದ್ದು ಘರ್ಷಣೆಯಾಗಿದ್ದರೆ ಹತ್ತುವಾಗ 70ರ ಹತ್ತಿರ, ಇಳಿಯುವಾಗ 40 ಬರಬೇಕಿತ್ತು. ಬಂದದ್ದು 42, 40 ಒಂದು ಕಡೆ, 40 ಇನ್ನೊಂದು ಕಡೆ. ಘರ್ಷಣೆ ಇಲ್ಲವೇ ಇಲ್ಲ ಎಂದಲ್ಲ, ಆದರೆ ಓದುವ ತಪ್ಪಿನೊಳಗೆ ಮುಳುಗಿಹೋಗುವಷ್ಟು ಕಡಿಮೆ.

ಬೇಲೂರು ಹುಡುಗ · ಸೋಮವಾರ ಸಂಜೆ 7:58

70 ಬರಬೇಕಿತ್ತು ಅನ್ನೋದು ನಾನೇ ಲೆಕ್ಕ ಹಾಕಿ ನೋಡಿದೆ. 55 ಕೂಡಿಸು 15. ಸೋತೆ.

ಘಾಟ್ ಸ್ಟೇರಿಂಗ್ · ಸೋಮವಾರ ರಾತ್ರಿ 9:10

ಇದು ನನಗೆ ಅರ್ಥವಾಯಿತು. ಏರಿನಲ್ಲಿ ಗಾಡಿ ನಿಂತು ಹಿಂದಕ್ಕೆ ಜಾರುವ ಮುಂಚೆ ಒಂದು ಗಳಿಗೆ ಇರುತ್ತದೆ. ಮುಳ್ಳು ಸೊನ್ನೆ, ಆದರೆ ಹಿಂದಕ್ಕೆ ಎಳೆಯುತ್ತಿರುವುದು ಕುಂಡಿಗೆ ಗೊತ್ತಾಗುತ್ತದೆ. ಅದೇ ತಾನೆ?

ಹಳೇ ಮೇಷ್ಟ್ರು, ಹಾಸನ · ಸೋಮವಾರ ರಾತ್ರಿ 9:25

ಅದೇ. ಇದಕ್ಕಿಂತ ಚೆನ್ನಾಗಿ ನಾನು ಮೂವತ್ತು ವರ್ಷ ಹೇಳಿಲ್ಲ.

ಮೂಡಿಗೆರೆ ತೋಟದವ · ಮಂಗಳವಾರ ರಾತ್ರಿ 8:00

ರೆಕಾರ್ಡ್ ತಿದ್ದಿ ಕೊಟ್ಟಿದ್ದಾಳೆ. ಕೊನೆಯ ಬಿಂದುವಿಗಾಗಿ ವಿಡಿಯೋ ಮತ್ತೆ ಎಣಿಸಿದಳು. 105ನೇ ಚಿತ್ರದಲ್ಲಿ ಗೋಲಿ ಉದ್ದಕ್ಕೆ ಎಳೆದ ಹಾಗೆ ಮಬ್ಬಾಗಿದೆ, ಅದರ ಒಂದು ಅಂಚು 242ರಲ್ಲಿ, ಇನ್ನೊಂದು 246ರಲ್ಲಿ. ಯಾವುದನ್ನು ಓದಬೇಕು?

ಲ್ಯಾಬ್ ಅಕ್ಕ · ಮಂಗಳವಾರ ರಾತ್ರಿ 8:35

ಯಾವುದಾದರೂ ಸರಿ, ಎಲ್ಲ ಬಿಂದುಗಳಲ್ಲೂ ಅದೇ ಕಡೆಯ ಅಂಚು ಓದಬೇಕು. ಹಿಂದಿನ ಏಳರಲ್ಲಿ ಅವಳು ಯಾವ ಅಂಚು ಓದಿದ್ದಾಳೆ ಕೇಳಿ. ಕೊಟ್ಟಿಗೆಯೊಳಗೆ ತೆಗೆದ ವಿಡಿಯೋ ಆದರೆ ಇನ್ನೊಂದು ಸಂಗತಿ ಇದೆ, ಬೆಳಕು ಕಡಿಮೆಯಾದರೆ ಕೆಲವು ಫೋನು ತಾನೇ ಚಿತ್ರದ ಸಂಖ್ಯೆ ಇಳಿಸುತ್ತದೆ. 30 ಇದೆ ಎಂದು ನಂಬಿ ಎಣಿಸಿದರೆ ಪೂರ್ತಿ ಸಮಯವೇ ತಪ್ಪು. ಪಕ್ಕದಲ್ಲಿ ಓಡುವ ಸ್ಟಾಪ್‌ವಾಚ್ ಇಟ್ಟು ಅದನ್ನೂ ಸೇರಿಸಿ ತೆಗೆಯಿರಿ.

ಮೂಡಿಗೆರೆ ತೋಟದವ · ಮಂಗಳವಾರ ರಾತ್ರಿ 8:50

ಕೊಟ್ಟಿಗೆಯೊಳಗೇ ತೆಗೆದದ್ದು, ಹೊರಗೆ ಮಳೆ. ಯಾವ ಅಂಚು ಅಂತ ಅವಳಿಗೆ ನೆನಪಿಲ್ಲವಂತೆ. ದಬ್ಬೆ ಈಗ ನೆನೆದು ಕೂತಿದೆ, ಒಣಗಲಿ. ಬಿಸಿಲು ಬಂದ ಮೇಲೆ ಕಾಫಿ ಕಣದಲ್ಲಿಟ್ಟು ಮತ್ತೆ ಉರುಳಿಸುತ್ತೇವೆ.